ಇಸಿಜಿ ನಾರ್ಮಲ್, ಎಕೋದಲ್ಲಿ ಗೋಡೆ ದಪ್ಪ: ಯಾವುದನ್ನು ನಂಬಬೇಕು?

ನಮಸ್ಕಾರ. ವೀಕ್ಷಕರೊಬ್ಬರ ತಾಯಿಗೆ ಹಲವು ವರ್ಷಗಳಿಂದ ಬಿಪಿ ಇದೆ. ಅವರ ಇಸಿಜಿ ನಾರ್ಮಲ್ ಎಂದು ಬಂದಿದೆ, ಎಕೋ ವರದಿಯಲ್ಲಿ ಮಾತ್ರ ‘ಎಲ್‌ವಿಎಚ್’, ಅಂದರೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿದೆ ಎಂದಿದೆ. ಎರಡರಲ್ಲಿ ಯಾವುದು ಸುಳ್ಳು ಎಂಬುದು ಅವರ ಪ್ರಶ್ನೆ. ಎರಡೂ ನಿಜವಾಗಿರಬಹುದು.

ಇಸಿಜಿ ಗೋಡೆಯ ದಪ್ಪವನ್ನು ಅಳೆಯುವುದಿಲ್ಲ, ಎದೆಯ ಚರ್ಮದವರೆಗೆ ತಲುಪುವ ವಿದ್ಯುತ್ತನ್ನು ಅಳೆಯುತ್ತದೆ. 1949ರ ಸೊಕೊಲೊವ್–ಲಯಾನ್ ಮಾನದಂಡದಲ್ಲಿ ಎದೆಯ ಮೇಲಿನ ವಿ1 ಎಂಬ ಜಾಗದಲ್ಲಿ ಕೆಳಗಿಳಿಯುವ ಎಸ್ ಅಲೆಯ ಆಳಕ್ಕೆ ವಿ5 ಅಥವಾ ವಿ6 ಎಂಬ ಜಾಗದಲ್ಲಿ ಮೇಲೇರುವ ಆರ್ ಅಲೆಯ ಎತ್ತರವನ್ನು ಕೂಡಿಸುತ್ತಾರೆ. ಮೊತ್ತ 35 ಮಿ.ಮೀ. ಮುಟ್ಟಿದರೆ ಎಲ್‌ವಿಎಚ್ ಎನ್ನುತ್ತಾರೆ. ಎದೆಯ ಕೊಬ್ಬು ಆ ವಿದ್ಯುತ್ತನ್ನು ತಗ್ಗಿಸುವುದರಿಂದ, ಇದು ಪಕ್ಕದ ಕೋಣೆಯ ಮಾತನ್ನು ಗೋಡೆಗೆ ಕಿವಿಯಿಟ್ಟು ಕೇಳಿದಂತೆ. ಸ್ಥೂಲಕಾಯದವರಲ್ಲಿ ನಿಜವಾದ ಎಲ್‌ವಿಎಚ್ ಕೂಡ ತಪ್ಪಿಸಿಕೊಳ್ಳುತ್ತದೆ, ಸಣಕಲು ಯುವಕನ ಆರೋಗ್ಯವಂತ ಹೃದಯವೂ 35 ದಾಟಿಬಿಡುತ್ತದೆ.

ಈಗ ಎಕೋಗೆ ಬರೋಣ. ನನಗೆ ಅತ್ಯಂತ ಕುತೂಹಲವೆನಿಸಿದ ಭಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೃದಯ ಪೂರ್ತಿ ಹಿಗ್ಗಿದ ಕ್ಷಣದಲ್ಲಿ ಮೂರು ಅಳತೆಗಳನ್ನು ಸೆಂಟಿಮೀಟರಿನಲ್ಲಿ ತೆಗೆಯುತ್ತಾರೆ: ನಡುಗೋಡೆ, ಒಳಗಿನ ಪೊಳ್ಳು, ಹಿಂಗೋಡೆ.

[ಪರದೆಯ ಮೇಲೆ]
```
ತೂಕ = 0.8 × 1.04 × [(ನಡುಗೋಡೆ + ಪೊಳ್ಳು + ಹಿಂಗೋಡೆ)³ − ಪೊಳ್ಳು³] + 0.6
```

ಆ ತಾಯಿಯಂಥವರೊಬ್ಬರ ಅಳತೆಗಳು 1.2, 4.6, 1.2 ಎಂದುಕೊಳ್ಳೋಣ. ಸ್ನಾಯುವಿನ ತೂಕ ಸುಮಾರು 205 ಗ್ರಾಂ ಬರುತ್ತದೆ. ದೇಹದ ಮೇಲ್ಮೈ 1.8 ಚದರ ಮೀಟರ್ ಆದರೆ, ಚದರ ಮೀಟರಿಗೆ 114 ಗ್ರಾಂ. ಹೆಂಗಸರಲ್ಲಿ 95, ಗಂಡಸರಲ್ಲಿ 115 ದಾಟಿದರೆ ಎಲ್‌ವಿಎಚ್, ಇವರು ದಾಟಿದ್ದಾರೆ. ಆದರೆ ಸೂತ್ರದಲ್ಲಿರುವ ಘನವನ್ನು ಗಮನಿಸಿ. ಎರಡೂ ಗೋಡೆಗಳನ್ನು ಕೇವಲ ಒಂದೊಂದು ಮಿಲಿಮೀಟರ್ ಕಡಿಮೆ ಅಳೆದಿದ್ದರೆ ಅದು 101ಕ್ಕೆ, ಎರಡೆರಡು ಕಡಿಮೆ ಅಳೆದಿದ್ದರೆ 88ಕ್ಕೆ ಇಳಿದು, ವರದಿ ‘ನಾರ್ಮಲ್’ ಆಗುತ್ತಿತ್ತು! ಪ್ರೋಬ್ ಓರೆಯಾಗಿ ಗೋಡೆ ಓರೆಯಾಗಿ ಕತ್ತರಿಸಿದಂತೆ ಕಂಡರೆ ದಪ್ಪ ಹೆಚ್ಚಾಗಿಯೇ ಓದಿಸುತ್ತದೆ. ಹಾಗಾಗಿ ಅಂಚಿನಲ್ಲಿರುವ ಒಂದೇ ವರದಿಯನ್ನು ಹಿಡಿದು ಹೆದರುವುದೂ, ನಿಶ್ಚಿಂತರಾಗುವುದೂ ನನ್ನ ಮಟ್ಟಿಗೆ ಅವಸರವೇ.

ದಪ್ಪ ಗೋಡೆಯ ತೊಂದರೆ ಸಂಕುಚನದಲ್ಲಿ ಮೊದಲು ಕಾಣುವುದಿಲ್ಲ. ಬಿಗಿಯಾದ ಗೋಡೆ ಸಡಿಲವಾಗಲು ಒಪ್ಪದೆ, ರಕ್ತ ತುಂಬುವಾಗ ಒಳಗಿನ ಒತ್ತಡ ಏರಿ, ಅದು ಶ್ವಾಸಕೋಶದ ಕಡೆಗೆ ಹಿಮ್ಮೆಟ್ಟುತ್ತದೆ. ಆದ್ದರಿಂದ ‘ಇಎಫ್ 60’, ಅಂದರೆ ಪ್ರತಿ ಬಡಿತಕ್ಕೆ ಒಳಗಿನ ರಕ್ತದ ಶೇಕಡ 60 ಹೊರಹೋಗುತ್ತಿದೆ ಎಂಬ ಸಮಾಧಾನದ ವರದಿ ಕೈಯಲ್ಲಿದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು ಬರಬಹುದು. ಎಡ ಹೃತ್ಕರ್ಣ ಹಿಗ್ಗಿ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯ ತಪ್ಪಿದ ಬಡಿತ, ಅದರಿಂದ ಪಾರ್ಶ್ವವಾಯುವಿನ ಅಪಾಯವೂ ಇದೆ. ಬಿಪಿಯನ್ನು ಹತೋಟಿಯಲ್ಲಿಟ್ಟರೆ ಈ ದಪ್ಪ ತಿಂಗಳು, ವರ್ಷಗಳಲ್ಲಿ ಕರಗುವುದುಂಟು. ಲೋಸಾರ್ಟನ್‌ನಂಥ ಔಷಧಿಗಳು ಅದಕ್ಕೆ ನೆರವಾಗುತ್ತವೆ.

ಸಮಯ ಮೀರುತ್ತಿದೆ, ಒಂದು ಮಾತು ಮಾತ್ರ ಬಿಡಲಾರೆ. ಎಕೋದಲ್ಲಿ ಗೋಡೆ ದಪ್ಪವಿದ್ದು, ಇಸಿಜಿ ಅಲೆಗಳು ಅಸಹಜವಾಗಿ ಕುಳ್ಳಗಿದ್ದರೆ, ಅದಕ್ಕೆ ಎದೆಯ ಕೊಬ್ಬು ಕಾರಣವಲ್ಲದಿದ್ದರೆ, ದಪ್ಪವಾಗಿರುವುದು ಸ್ನಾಯುವೇ ಅಲ್ಲದಿರಬಹುದು. ಅಮೈಲಾಯ್ಡ್ ಎಂಬ ಪ್ರೋಟೀನ್ ಗೋಡೆಯೊಳಗೆ ಶೇಖರವಾಗಿರಬಹುದು. ಆಗ ಬಿಪಿ ಮಾತ್ರೆಯನ್ನು ಹೆಚ್ಚಿಸುವ ಬದಲು ಅದನ್ನು ಪತ್ತೆಹಚ್ಚುವ ರಕ್ತ, ಮೂತ್ರ ಮತ್ತು ಸ್ಕ್ಯಾನ್ ಪರೀಕ್ಷೆಗಳ ಬಗ್ಗೆ ಹೃದ್ರೋಗ ತಜ್ಞರನ್ನು ಕೇಳಬೇಕು.