ಒಂದು ವೈರಲ್ ವಿಡಿಯೊ, ಹನ್ನೊಂದರ ಸರಾಸರಿ

ಒಂದು ಯೂಟ್ಯೂಬ್ ಚಾನೆಲ್ ತಗೊಳ್ಳೋಣ. ಹನ್ನೊಂದು ವಿಡಿಯೊಗಳಿವೆ. ಪ್ರತಿಯೊಂದಕ್ಕೂ ಮೊದಲ ಮೂವತ್ತು ದಿನಗಳಲ್ಲಿ ಬಂದ ವ್ಯೂಸ್, ಹಾಕಿದ ಕ್ರಮದಲ್ಲೇ, ಹೀಗಿದೆ: 4,200, 3,800, 5,100, 4,600, 2,900, 6,12,000, 5,400, 3,500, 4,900, 6,300, 4,100. ಇವು ಲೆಕ್ಕಕ್ಕೆಂದು ನಾನೇ ಜೋಡಿಸಿದ ಅಂಕಿಗಳು. ಆದರೆ ಚಾನೆಲ್‌ಗಳ ಅಂಕಿಅಂಶ ನೋಡುವವರಿಗೆ ಈ ಚಿತ್ರ ಹೊಸದೇನಲ್ಲ.

ಈ ಚಾನೆಲ್‌ಗೆ ಒಂದು ವಿಡಿಯೊಗೆ ಎಷ್ಟು ವ್ಯೂಸ್ ಬರುತ್ತೆ ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಎಲ್ಲವನ್ನೂ ಕೂಡಿದರೆ 6,56,800. ಹನ್ನೊಂದರಿಂದ ಭಾಗಿಸಿದರೆ 59,709. ಲೆಕ್ಕದಲ್ಲಿ ತಪ್ಪಿಲ್ಲ. ಈಗ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅರವತ್ತು ಸಾವಿರದ ಹತ್ತಿರ ಬಂದ ವಿಡಿಯೊ ಒಂದಾದರೂ ಇದೆಯೇ? ಹತ್ತು ವಿಡಿಯೊಗಳು ಏಳು ಸಾವಿರವನ್ನೂ ದಾಟಿಲ್ಲ, ಉಳಿದ ಒಂದು ಆರು ಲಕ್ಷ ದಾಟಿದೆ. ಈ ಸರಾಸರಿ ಯಾವ ವಿಡಿಯೊಗೂ ಹೊಂದದ ಸಂಖ್ಯೆ.

ಇಂಥಲ್ಲಿ ನೆರವಿಗೆ ಬರುವುದು ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ. ಅದನ್ನು ಕಂಡುಹಿಡಿಯಲು ಪಟ್ಟಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ: 2,900, 3,500, 3,800, 4,100, 4,200, 4,600, 4,900, 5,100, 5,400, 6,300, 6,12,000. ಹನ್ನೊಂದರ ನಡುವಿನದು ಆರನೆಯದು, ಅಂದರೆ 4,600. ಅದರ ಕೆಳಗೆ ಐದು ವಿಡಿಯೊ, ಮೇಲೆ ಐದು. ವಿಡಿಯೊಗಳ ಸಂಖ್ಯೆ ಸಮವಾಗಿದ್ದರೆ ನಡುವಿನ ಎರಡರ ಸರಾಸರಿ ತಗೊಂಡರಾಯಿತು.

ವೈರಲ್ ವಿಡಿಯೊ ಹುಟ್ಟಿರಲೇ ಇಲ್ಲ ಅಂದುಕೊಳ್ಳಿ. ಉಳಿದ ಹತ್ತರ ಸರಾಸರಿ 4,480, ಮಧ್ಯಾಂಕ 4,400. ಎರಡೂ ಹೆಚ್ಚುಕಡಿಮೆ ಒಂದೇ. ಆ ಒಂದನ್ನು ಸೇರಿಸಿದ ಕೂಡಲೇ ಸರಾಸರಿ ಹದಿಮೂರು ಪಟ್ಟು ಹಿಗ್ಗಿತು, ಮಧ್ಯಾಂಕ 200 ಸರಿಯಿತು. ಅದೇ ವಿಡಿಯೊಗೆ ಆರು ಲಕ್ಷದ ಬದಲು ಅರವತ್ತು ಲಕ್ಷ ಬಂದಿದ್ದರೆ? ಸರಾಸರಿ 5,49,527ಕ್ಕೆ ನೆಗೆಯುತ್ತದೆ. ಮಧ್ಯಾಂಕ ಅದೇ 4,600. ಸರಾಸರಿ ಪ್ರತಿ ಸಂಖ್ಯೆಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮಧ್ಯಾಂಕ ನೋಡುವುದು ಸಾಲಿನಲ್ಲಿ ಯಾರು ಯಾರ ಮುಂದೆ ನಿಂತಿದ್ದಾರೆ ಎಂಬುದನ್ನಷ್ಟೇ. ಸಾಲಿನ ಕೊನೆಯಲ್ಲಿ ನಿಂತವನು ಆರಡಿಯೋ ಅರವತ್ತಡಿಯೋ, ನಡುವೆ ನಿಂತವನು ಬದಲಾಗುವುದಿಲ್ಲ. ಹನ್ನೊಂದರಲ್ಲಿ ಐದು ವಿಡಿಯೊ ವೈರಲ್ ಆದರೂ ಆರನೆಯ ಸ್ಥಾನದಲ್ಲಿ ಸಾಮಾನ್ಯ ವಿಡಿಯೊವೇ ಇರುತ್ತದೆ. ಆರು ಹಾಗಾದರೆ ಮಧ್ಯಾಂಕವೂ ಹಾರುತ್ತದೆ. ಹಾರಬೇಕಾದ್ದೇ, ಆಗ ಆ ಚಾನೆಲ್‌ಗೆ ಅದೇ ಸಾಮಾನ್ಯ.

ವ್ಯೂಸ್‌ನಲ್ಲಿ ಈ ತೊಂದರೆ ಇಷ್ಟು ಜೋರಾಗಿರಲು ಕಾರಣವಿದೆ. ಜನರ ಎತ್ತರದಂಥ ಅಳತೆಗಳು ನಡುವಿನ ಸುತ್ತ ಎರಡೂ ಕಡೆ ಹರಡುತ್ತವೆ. ವ್ಯೂಸ್‌ಗೆ ಕೆಳಗೆ ಸೊನ್ನೆಯ ಗೋಡೆಯಿದೆ, ಮೇಲೆ ಗೋಡೆಯಿಲ್ಲ. ಜೊತೆಗೆ, ಚೆನ್ನಾಗಿ ಓಡುತ್ತಿರುವ ವಿಡಿಯೊವನ್ನು ಶಿಫಾರಸು ವ್ಯವಸ್ಥೆ ಇನ್ನಷ್ಟು ಜನರ ಮುಂದೆ ಇಡುತ್ತದೆ. ಅವರಲ್ಲೂ ಓಡಿದರೆ ಮತ್ತಷ್ಟು ಜನರ ಮುಂದೆ. ಬೆಳವಣಿಗೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹಾಗಾಗಿ ದೊಡ್ಡ ಸಂಖ್ಯೆಗಳಿರುವ ಬಲಗಡೆಯ ಬಾಲ ಯಾವತ್ತೂ ಉದ್ದ.

‘ಆ ಒಂದನ್ನು ತೆಗೆದುಹಾಕಿ ಸರಾಸರಿ ತಗೊಂಡರೆ ಸಾಲದೇ?’ ಎಂದು ಕೇಳಬಹುದು. ಇಲ್ಲಿ ನಡೆಯುತ್ತದೆ, ಏಕೆಂದರೆ ಆರು ಲಕ್ಷ ಎದ್ದು ಕಾಣುತ್ತದೆ. ಇಪ್ಪತ್ತು ಸಾವಿರದ್ದೊಂದು ಇದ್ದರೆ ತೆಗೆಯುತ್ತೀರಾ, ಬಿಡುತ್ತೀರಾ? ಗೆರೆ ಎಳೆಯುವವರ ಮನಸ್ಸಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ. ಮಧ್ಯಾಂಕಕ್ಕೆ ಆ ಪಂಚಾಯಿತಿಯೇ ಬೇಡ.

ಸ್ಪ್ರೆಡ್‌ಶೀಟ್‌ನಲ್ಲಿ ವ್ಯೂಸ್ B ಕಾಲಂನಲ್ಲಿದ್ದರೆ ಬೇರೊಂದು ಕಾಲಂನಲ್ಲಿ ಇಷ್ಟು ಬರೆದರೆ ಸಾಕು:

```
=COUNT(B:B)
=AVERAGE(B:B)
=MEDIAN(B:B)
=QUARTILE(B:B,1)
=QUARTILE(B:B,3)
```

ಮೊದಲ ಸಾಲು ಕಾವಲಿಗೆ. ಅದು 11 ಎಂದು ತೋರಿಸಬೇಕು. ಚಾನೆಲ್ ಪುಟದಿಂದ 4.2K ಎಂದು ನಕಲಿಸಿ ಅಂಟಿಸಿದರೆ ಸ್ಪ್ರೆಡ್‌ಶೀಟ್‌ಗೆ ಅದು ಸಂಖ್ಯೆಯಲ್ಲ, ಅಕ್ಷರ. ಉಳಿದ ಸೂತ್ರಗಳು ದೂರು ಹೇಳದೆ ಅದನ್ನು ಬಿಟ್ಟು ಲೆಕ್ಕ ಹಾಕುತ್ತವೆ. ಎಣಿಕೆ ಕಡಿಮೆ ಬಂದಾಗಲೇ ಅದು ಗೊತ್ತಾಗುವುದು.

ಎಣಿಕೆ 12 ಬಂದರೆ ಬೇರೆ ಕಾರಣ. ಯೂಟ್ಯೂಬ್ ಸ್ಟುಡಿಯೊದಿಂದ ಇಳಿಸಿಕೊಂಡ ಕೋಷ್ಟಕದಲ್ಲಿ ವಿಡಿಯೊಗಳ ಜೊತೆಗೆ `Total` ಎಂಬ ಸಾಲೂ ಬರುತ್ತದೆ. ಅದನ್ನು ಅಳಿಸಲು ಮರೆತರೆ 6,56,800 ಕೂಡ ಒಂದು ವಿಡಿಯೊ ಎಂದೇ ಲೆಕ್ಕಕ್ಕೆ ಸೇರುತ್ತದೆ. ಸರಾಸರಿ 1,09,467 ಆಗುತ್ತದೆ, ಮಧ್ಯಾಂಕ 4,750. ತಪ್ಪು ಎರಡರಲ್ಲೂ ಇದೆ, ಆದರೆ ಒಂದು ಪೂರ್ತಿ ಹಾದಿ ತಪ್ಪಿಸುತ್ತದೆ, ಇನ್ನೊಂದು ಸ್ವಲ್ಪ ಅಲುಗುತ್ತದೆ.

ಮೂವತ್ತು ದಿನಗಳ ವ್ಯೂಸ್ ಎಂದು ಶುರುವಿಗೇ ಹೇಳಿದ್ದು ಸುಮ್ಮನೆ ಅಲ್ಲ. ಮೂರು ವರ್ಷದ ಹಿಂದಿನ ವಿಡಿಯೊವನ್ನೂ ಮೊನ್ನೆ ಹಾಕಿದ್ದನ್ನೂ ಇವತ್ತಿನ ಒಟ್ಟು ವ್ಯೂಸ್ ಇಟ್ಟು ಹೋಲಿಸಿದರೆ ವಯಸ್ಸನ್ನು ಅಳೆದಂತಾಗುತ್ತದೆ. ಮೂವತ್ತು ದಿನ ತುಂಬದ ವಿಡಿಯೊಗಳನ್ನು ಪಟ್ಟಿಯಿಂದ ಹೊರಗಿಡಿ. ಶಾರ್ಟ್ಸ್ ಅನ್ನೂ ಬೇರೆ ಮಾಡಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪ್ಲೇ ಆಗಲು ಶುರುವಾದರೆ, ಮತ್ತೆ ಪ್ಲೇ ಆದರೆ, ಪ್ರತಿಸಲವೂ ಒಂದು ವ್ಯೂ ಎಂದು ಯೂಟ್ಯೂಬ್ ಎಣಿಸುತ್ತಿದೆ. ಎಣಿಸುವ ರೀತಿಯೇ ಬೇರೆಯಾದ ಮೇಲೆ ಉದ್ದ ವಿಡಿಯೊಗಳ ಜೊತೆ ಒಂದೇ ಕಾಲಂನಲ್ಲಿಡುವುದು ಸರಿಯಲ್ಲ.

ಬೆರೆಸಿದರೆ ಮಧ್ಯಾಂಕವೂ ಮೋಸ ಮಾಡಬಹುದು. ಅರ್ಧ ವಿಡಿಯೊಗಳಿಗೆ ಐನೂರರ ಆಸುಪಾಸು, ಇನ್ನರ್ಧಕ್ಕೆ ಐವತ್ತು ಸಾವಿರದ ಆಸುಪಾಸು ವ್ಯೂಸ್ ಇದ್ದರೆ ನಡುವಿನದು ಎರಡು ಗುಂಪುಗಳ ಮಧ್ಯದ ಖಾಲಿ ಜಾಗದಲ್ಲಿ ಬೀಳುತ್ತದೆ. ಒಂದು ವಿಡಿಯೊ ಸೇರಿದರೆ ಆ ಗುಂಪಿಗೆ, ಇನ್ನೊಂದು ಸೇರಿದರೆ ಈ ಗುಂಪಿಗೆ ಹಾರುತ್ತದೆ. ಹಾಗೆ ಹಾರಾಡಿದರೆ ಪಟ್ಟಿಯಲ್ಲಿ ಎರಡು ಬಗೆಯ ವಿಡಿಯೊಗಳಿವೆ ಎಂದು ತಿಳಿದು ಬೇರೆ ಬೇರೆ ಲೆಕ್ಕ ಹಾಕಿ.

ಮಧ್ಯಾಂಕದ ಜೊತೆ ಹರವನ್ನೂ, ಅಂದರೆ ನಡುವಿನ ಅರ್ಧದಷ್ಟು ವಿಡಿಯೊಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಎಂಬುದನ್ನೂ ಹೇಳುವುದು ಒಳ್ಳೆಯದು. ಮೇಲಿನ ಕೊನೆಯ ಎರಡು ಸೂತ್ರಗಳು ಕೊಡುವುದು ಅದನ್ನೇ: 3,950 ಮತ್ತು 5,250. ಜಾಹೀರಾತು ಕೊಡುವವರು ಮುಂದಿನ ವಿಡಿಯೊದಿಂದ ಏನು ನಿರೀಕ್ಷಿಸಬಹುದು ಎಂದು ಕೇಳಿದಾಗ, ‘ಸುಮಾರು 4,600, ಹೆಚ್ಚುಕಡಿಮೆ ಅರ್ಧದಷ್ಟು ವಿಡಿಯೊಗಳು ನಾಲ್ಕರಿಂದ ಐದೂಕಾಲು ಸಾವಿರದೊಳಗೆ ನಿಲ್ಲುತ್ತವೆ, ಒಂದು ಮಾತ್ರ ಆರು ಲಕ್ಷ ದಾಟಿದೆ’ ಎನ್ನಬಹುದು. ವೈರಲ್ ಆದದ್ದನ್ನು ಮುಚ್ಚಿಡಬೇಕಿಲ್ಲ. ಸರಾಸರಿಯೊಳಗೆ ಕಲಸಿಬಿಡಬಾರದು, ಅಷ್ಟೇ.

ಸರಾಸರಿಗೂ ತನ್ನದೇ ಕೆಲಸವಿದೆ. ಒಟ್ಟು ಬೇಕಾದಾಗ ಅದೇ ಬೇಕು. ಸರಾಸರಿಯನ್ನು ಹನ್ನೊಂದರಿಂದ ಗುಣಿಸಿದರೆ ಒಟ್ಟು ವ್ಯೂಸ್ ಮರಳಿ ಸಿಗುತ್ತದೆ. 4,600ನ್ನು ಗುಣಿಸಿದರೆ 50,600. ನಿಜವಾದ ಒಟ್ಟಿನ ಹನ್ನೆರಡನೆಯ ಒಂದು ಪಾಲಿಗಿಂತಲೂ ಕಡಿಮೆ. ಆ ಅವಧಿಯಲ್ಲಿ ಬಂದ ಜಾಹೀರಾತು ಆದಾಯದ ಲೆಕ್ಕಕ್ಕೆ ಮಧ್ಯಾಂಕ ಹಿಡಿದು ಕೂತರೆ ಆಗದು.

ವೈರಲ್ ಆದದ್ದರಿಂದ ಚಾನೆಲ್‌ಗೆ ಏನಾದರೂ ಉಳಿಯಿತೇ ಎಂಬ ಪ್ರಶ್ನೆಗೆ ಮಾತ್ರ ಮಧ್ಯಾಂಕವೇ ಚೆನ್ನ. ಅದಕ್ಕೆ ಮುಂಚಿನ ಐದು ವಿಡಿಯೊಗಳ ಮಧ್ಯಾಂಕ 4,200. ನಂತರದ ಐದರದ್ದು 4,900. ಆರು ಲಕ್ಷ ಬಂದುಹೋದ ಮೇಲೆ ಚಾನೆಲ್‌ನ ಮಟ್ಟ ಏರಿದ್ದು 700. ಆ ಏರಿಕೆಯನ್ನೂ ಪೂರ್ತಿ ನಂಬುವಂತಿಲ್ಲ: ಮುಂಚಿನ ಐದರೊಳಗೇ 2,900ರಿಂದ 5,100ರವರೆಗೆ ಏರಿಳಿತವಿತ್ತು. ಇನ್ನೂ ಹತ್ತು ವಿಡಿಯೊ ಮೂವತ್ತು ದಿನ ತುಂಬಿಸಿದ ಮೇಲೆ ಇದೇ ಎರಡು ಮಧ್ಯಾಂಕಗಳನ್ನು ಮತ್ತೆ ಹೋಲಿಸಬೇಕು.