ಗೆರೆ ಎಳೆದವರು ಯಾರು?

ನಮಸ್ಕಾರ. ಸಂಬಳ ಏರಿದಂತೆ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ. 1857ರಲ್ಲಿ ಎರ್ನ್‌ಸ್ಟ್ ಎಂಗೆಲ್ ಬೆಲ್ಜಿಯಂ ಕಾರ್ಮಿಕರ ಮನೆ ಲೆಕ್ಕ ನೋಡಿ ಹೇಳಿದ ಮಾತು ಇದು. ಇದರಲ್ಲಿ ಜಗಳ ಇಲ್ಲ. ನನ್ನ ಜಗಳ ಇರುವುದು ಎಲಾಸ್ಟಿಸಿಟಿಯ ಬಗ್ಗೆ. ಅಂದರೆ ಆದಾಯ ನೂರಕ್ಕೆ ಒಂದು ಏರಿದರೆ ಊಟದ ಖರ್ಚು ನೂರಕ್ಕೆ ಎಷ್ಟು ಏರುತ್ತದೆ ಅನ್ನುವ ಲೆಕ್ಕ. ಆ ಸಂಖ್ಯೆಯನ್ನು ಅರ್ಧ ಡೇಟಾ ಹೇಳುತ್ತದೆ, ಇನ್ನರ್ಧ ನಾವು ಆರಿಸಿದ ಗೆರೆ ಹೇಳುತ್ತದೆ.

ಅದೇ ಬೆಲ್ಜಿಯಂನ 235 ಮನೆಗಳ ಡೇಟಾ R ಸಾಫ್ಟ್‌ವೇರ್‌ನ `quantreg` ಪ್ಯಾಕೇಜಲ್ಲಿ `engel` ಹೆಸರಲ್ಲಿ ಸಿಗುತ್ತದೆ. ಅದಕ್ಕೆ ಸುಮ್ನೆ ಒಂದು ನೇರ ಗೆರೆ ಹಾಕಿದರೆ ಹೀಗೆ ಬರುತ್ತದೆ:

```
foodexp = 147.5 + 0.485 * income
```

ಈಗ 400 ಫ್ರಾಂಕ್ ಆದಾಯದ ಮನೆ ತಗೊಳ್ಳಿ. ಗೆರೆಯ ಪ್ರಕಾರ ಊಟಕ್ಕೆ 341.5 ಫ್ರಾಂಕ್. ಅದರಲ್ಲಿ ಆದಾಯದಿಂದ ಬಂದದ್ದು 0.485 * 400, ಅಂದರೆ 194. ಎಲಾಸ್ಟಿಸಿಟಿ ಅಂದರೆ ಈ 194ನ್ನು 341.5ರಿಂದ ಭಾಗಿಸಿದ್ದು, ಸುಮಾರು 0.57. ಎಲ್ಲರಿಗಿಂತ ಶ್ರೀಮಂತ ಮನೆಯ ಆದಾಯ 4,958. ಅಲ್ಲಿ ಅದೇ ಲೆಕ್ಕ 0.94 ಕೊಡುತ್ತದೆ. ನೋಡಿದ್ರಾ? ಆದಾಯ ಏರಿದರೆ ಬಡವರಿಗಿಂತ ಶ್ರೀಮಂತರೇ ಊಟಕ್ಕೆ ಹೆಚ್ಚು ಸುರಿಯುತ್ತಾರಂತೆ! ನಿಜವಾಗಿ ಆ ಮನೆಯವರು ಊಟಕ್ಕೆ ಖರ್ಚು ಮಾಡಿದ್ದು 1,827 ಫ್ರಾಂಕ್. ಗೆರೆ ಹೇಳುವುದು ಸುಮಾರು 2,550. ತಪ್ಪು ಮನೆಯವರದ್ದಲ್ಲ. ಸೊನ್ನೆಗಿಂತ ಮೇಲೆ, ಇಲ್ಲಿ 147.5ರಲ್ಲಿ, ಶುರುವಾಗುವ ನೇರ ಗೆರೆಯಲ್ಲಿ ಆದಾಯ ಏರಿದಷ್ಟೂ ಎಲಾಸ್ಟಿಸಿಟಿ 1ರ ಹತ್ತಿರ ಹೋಗಲೇಬೇಕು. ಊಟದ ಪಾಲೂ 48.5%ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಆದಾಯ, ಊಟದ ಖರ್ಚು ಎರಡಕ್ಕೂ ಲಾಗ್ ಹಾಕಿ ನೇರ ಗೆರೆ ಎಳೆಯುವವರೂ ಇದ್ದಾರೆ. ಆಗ ಬಡವರಿಗೂ ಶ್ರೀಮಂತರಿಗೂ ಒಂದೇ ಎಲಾಸ್ಟಿಸಿಟಿ. ಅದೂ ಸೋಮಾರಿತನವೇ.

ನನ್ನ ಓಟು 1943ರಲ್ಲಿ ವರ್ಕಿಂಗ್, 1963ರಲ್ಲಿ ಲೆಸರ್ ಅನ್ನುವ ಅರ್ಥಶಾಸ್ತ್ರಜ್ಞರು ಬಳಸಿದ ರೂಪಕ್ಕೆ. ಇದರಲ್ಲಿ ಆದಾಯದ ಜಾಗಕ್ಕೆ ಒಟ್ಟು ಖರ್ಚು ಬರುತ್ತದೆ. ಊಟದ ಪಾಲು w, ಒಟ್ಟು ಖರ್ಚು x, ಎಲಾಸ್ಟಿಸಿಟಿ e, ಡೇಟಾದಿಂದ ಸಿಗುವ ಸಂಖ್ಯೆಗಳು a, b ಆದರೆ:

```
w = a + b ln(x)
e = 1 + b / w
```

ಭಾರತದ 2022-23ರ ಮನೆ ಖರ್ಚಿನ ಸಮೀಕ್ಷೆ ನೋಡಿ. ಹಳ್ಳಿಯಲ್ಲಿ ತಲಾ ತಿಂಗಳ ಖರ್ಚು 3,773 ರೂಪಾಯಿ, ಊಟದ ಪಾಲು 46.4%. ನಗರದಲ್ಲಿ 6,459 ರೂಪಾಯಿ, ಪಾಲು 39.2%. ಈ ಎರಡು ಬಿಂದುಗಳಿಂದ b ಸುಮಾರು -0.134. ಹಳ್ಳಿಗೆ ಎಲಾಸ್ಟಿಸಿಟಿ 0.71, ನಗರಕ್ಕೆ 0.66. ಈಗ ಇಳಿಕೆಯ ದಿಕ್ಕು ಸರಿಯಾಗಿದೆ, ಅಲ್ವಾ? ಆದರೆ ಇದನ್ನು ನಂಬಬಹುದಾದ ಅಂದಾಜು ಅಂತ ವರದಿಯಲ್ಲಿ ಬರೆದುಬಿಡಬೇಡಿ. ಹಳ್ಳಿಗೂ ನಗರಕ್ಕೂ ಬೆಲೆ ಬೇರೆ, ಮನೆಮಂದಿಯ ಸಂಖ್ಯೆ ಬೇರೆ. ಒಂದೊಂದು ಮನೆಯ ಡೇಟಾ ತಗೊಂಡು, ಅವನ್ನೂ ಸೇರಿಸಿ ಕಟ್ಟಬೇಕು. ಇನ್ನೊಂದು ಸಿಕ್ಕು, ಒಟ್ಟು ಖರ್ಚಿನೊಳಗೆ ಊಟದ ಖರ್ಚೂ ಸೇರಿದೆ. ಮನೆಯವರು ಊಟದ ಖರ್ಚನ್ನು ತಪ್ಪಾಗಿ ಹೇಳಿದರೆ ತಪ್ಪು ಎರಡೂ ಕಡೆ ಕೂರುತ್ತದೆ. ಹಾಗಾಗಿ ಆದಾಯವನ್ನು ಇನ್‌ಸ್ಟ್ರುಮೆಂಟ್ ಆಗಿ, ಅಂದರೆ ಆ ತಪ್ಪು ತಗುಲದಂತೆ ಒಟ್ಟು ಖರ್ಚಿನ ಏರಿಳಿತ ಹಿಡಿಯುವ ಹೊರಗಿನ ಸುಳಿವಾಗಿ, ಬಳಸುತ್ತಾರೆ.

ನನ್ನ ಮೆಚ್ಚಿನ ಗೆರೆಯೂ ಸಾಚಾ ಏನಲ್ಲ. ಇದೇ b ಹಿಡಿದು ಮೇಲೆ ಹೋಗುತ್ತಾ ಇದ್ದರೆ, ತಲಾ ತಿಂಗಳಿಗೆ ಸುಮಾರು 1.2 ಲಕ್ಷ ಖರ್ಚು ಮಾಡುವವರು ಊಟವನ್ನೇ ಮಾಡುವುದಿಲ್ಲ.