ಡ್ರಾಯರಿನಲ್ಲಿ ಉಳಿದ ಆರು ಬಿಲ್ಲು: ‘ನಿಮ್ಮ ವೀಕ್‌ನೆಸ್ ಏನು?’ ಎಂದು ಕೇಳಿದಾಗ

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪದವಿಯ ಕೊನೆಯ ವರ್ಷದವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ನಾನು ಪೆರ್ಲದ ಕಡೆಯವಳು. ಮಂಗಳೂರಿನ ಒಂದು ಕಂಪೆನಿಯಲ್ಲಿ ಲೆಕ್ಕಪತ್ರದ ವಿಭಾಗ ನೋಡಿಕೊಳ್ಳುತ್ತೇನೆ, ಕೆಲಸಕ್ಕೆ ಬರುವವರ ಸಂದರ್ಶನದಲ್ಲೂ ಕೂರುತ್ತೇನೆ. ಇವತ್ತು ಒಂದೇ ಪ್ರಶ್ನೆಯ ಬಗ್ಗೆ ಮಾತಾಡುತ್ತೇನೆ. ‘ನಿಮ್ಮ ವೀಕ್‌ನೆಸ್ ಏನು?’

ಇದಕ್ಕೆ ನಮಗೆ ಹೆಚ್ಚಾಗಿ ಸಿಗುವ ಉತ್ತರ, ‘ನಾನು ಪರ್ಫೆಕ್ಷನಿಸ್ಟ್’ ಅಥವಾ ‘ಜಾಸ್ತಿ ಕೆಲಸ ಮಾಡ್ತೇನೆ’. ಆಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಅದರಿಂದ ಕಳೆದ ತಿಂಗಳು ಯಾವ ಕೆಲಸ ಕೆಟ್ಟಿತು? ಅಲ್ಲಿಗೆ ಮಾತು ನಿಲ್ಲುತ್ತದೆ. ನಡೆದ ಸಂಗತಿ ಇಲ್ಲದ ಉತ್ತರಕ್ಕೆ ಎರಡನೇ ಪ್ರಶ್ನೆ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ.

ನಮ್ಮ ನೆರೆಮನೆಯ ಒಬ್ಬಳು ಹುಡುಗಿಯ ಕತೆ ಹೇಳುತ್ತೇನೆ. ಬಿಕಾಂ ಮುಗಿಸಿ ಕುಂಬಳೆ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂವರೆ ವರ್ಷ ಲೆಕ್ಕ ಬರೆದವಳು. ಮಂಗಳೂರಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ‘ಅಕ್ಕಾ, ವೀಕ್‌ನೆಸ್ ಕೇಳಿದ್ರೆ ಇಂಗ್ಲಿಷ್ ಕಡಿಮೆ ಅಂತ ಹೇಳ್ಲಾ?’ ಅಂದಳು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮವರಿಗೆಲ್ಲ ಮೊದಲು ಬಾಯಿಗೆ ಬರುವುದು ಇದೇ ಅಲ್ವಾ? ಕೇರಳದ ಒಳಗೆ ಕೆಲಸಕ್ಕೆ ಹೋದರೆ ಮಲಯಾಳಂ, ಮಂಗಳೂರಿಗೆ ಹೋದರೆ ಇಂಗ್ಲಿಷ್. ಆದರೆ ಕಲಿಯಲು ಅವಕಾಶ ಸಿಗದೇ ಇದ್ದದ್ದು ಬೇರೆ, ನಾವು ಕೆಲಸ ಮಾಡುವ ರೀತಿಯಲ್ಲಿರುವ ದೋಷ ಬೇರೆ. ಸಂದರ್ಶನದಲ್ಲಿ ಕೇಳುವುದು ಎರಡನೆಯದನ್ನು. ನಿಮ್ಮ ಇಂಗ್ಲಿಷ್ ಎಷ್ಟು ಅಂತ ಎದುರಿಗೆ ಕೂತವರಿಗೆ ಐದು ನಿಮಿಷದಲ್ಲಿ ಗೊತ್ತಾಗಿರುತ್ತದೆ, ಅದನ್ನು ನೀವು ಹೇಳಬೇಕಾಗಿಲ್ಲ.

ನಾನು ಅವಳಿಗೆ ಕೇಳಿದೆ, ‘ಅಂಗಡಿಯಲ್ಲಿ ಧಣಿಗಳು ಬೈದದ್ದುಂಟಾ? ಯಾವತ್ತು, ಯಾಕೆ?’ ನಿಜವಾದ ದೋಷ ಹುಡುಕಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದು. ಗುಣದ ಹೆಸರು ಹುಡುಕಿದರೆ ಪುಸ್ತಕದ ಮಾತು ಬರುತ್ತದೆ. ಬೈಗುಳ ಬಿದ್ದ ದಿನ ನೆನಪು ಮಾಡಿದರೆ ಅದರ ಹಿಂದೆ ನಡೆದದ್ದೆಲ್ಲ ಬರುತ್ತದೆ.

ಅವಳಿಗೆ ಆಗಸ್ಟ್ 18 ನೆನಪಾಯಿತು. ಅಂದು ಆಡಿಟರ ಆಫೀಸಿನಿಂದ ಫೋನು. ಜಿಎಸ್‌ಟಿಯ 2ಬಿ ಪಟ್ಟಿಯಲ್ಲಿ, ಅಂದರೆ ಮಾರಿದವರು ಕೊಟ್ಟ ವಿವರದಿಂದ ಬರುವ ಖರೀದಿ ಪಟ್ಟಿಯಲ್ಲಿ, ಜುಲೈ ತಿಂಗಳ ಐದು ಖರೀದಿ ಬಿಲ್ಲುಗಳಿವೆ, ಅಂಗಡಿಯ ಲೆಕ್ಕದಲ್ಲಿ ಮಾತ್ರ ಇಲ್ಲ. 3ಬಿ, ಅಂದರೆ ಆ ತಿಂಗಳ ತೆರಿಗೆ ರಿಟರ್ನ್, ಕೊಡಲು 20 ಕೊನೆಯ ದಿನ. ಇವಳು ಡ್ರಾಯರ್ ಎಳೆದು ನೋಡಿದರೆ ಐದಲ್ಲ, ಆರು ಬಿಲ್ಲು. ಒಂದೊಂದರಲ್ಲೂ ಏನಾದರೊಂದು ಸಂಶಯ. ಒಂದರಲ್ಲಿ ತೆರಿಗೆಯ ದರ ಸರಿ ಕಾಣಲಿಲ್ಲ, ಇನ್ನೊಂದರಲ್ಲಿ ಬಂದ ಮಾಲಿಗೂ ಬಿಲ್ಲಿಗೂ ಹೊಂದಲಿಲ್ಲ, ಹೀಗೆ. ‘ಮತ್ತೆ ಕೇಳುವಾ’ ಅಂತ ತೆಗೆದಿಟ್ಟವಳು ಕೇಳಲೇ ಇಲ್ಲ. ಆರನೆಯದು ಪಟ್ಟಿಯಲ್ಲೇ ಇರಲಿಲ್ಲ, ಯಾಕೆಂದರೆ ಮಾರಿದವರು ಅಂಗಡಿಯ ಜಿಎಸ್‌ಟಿ ನಂಬರು ತಪ್ಪಾಗಿ ಹಾಕಿದ್ದರು. 24,000 ರೂಪಾಯಿಯ ಮಾಲು, 18 ಶೇಕಡಾ ತೆರಿಗೆ, ಅಂದರೆ 4,320 ರೂಪಾಯಿ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯುವುದಕ್ಕೆ ಕ್ರೆಡಿಟ್ ಅನ್ನುತ್ತಾರೆ. ಆ ಕ್ರೆಡಿಟ್ ಆ ತಿಂಗಳು ಸಿಗಲಿಲ್ಲ, ಧಣಿಗಳು ಅಷ್ಟನ್ನು ಕೈಯಿಂದ ಕಟ್ಟಬೇಕಾಯಿತು. ಬಿಲ್ಲು ಬಂದದ್ದು ಜುಲೈ 28ಕ್ಕೆ. ಮಾರಿದವರು ತಮ್ಮ ಮಾರಾಟದ ವಿವರ ಕೊಡಲು ಆಗಸ್ಟ್ 11ರವರೆಗೆ ಸಮಯವಿತ್ತು. ಬಂದ ದಿನವೇ ಒಂದು ಫೋನು ಮಾಡಿದ್ದರೆ ಸರಿಯಾಗುತ್ತಿತ್ತು.

ಈಗ ದೋಷದ ಹೆಸರು ಸಿಕ್ಕಿತು. ಸಂಶಯ ಬಂದಾಗ ಆ ಕೂಡಲೇ ಕೇಳುವುದಿಲ್ಲ. ಎಷ್ಟು ಸಣ್ಣದಾಗಿ, ಸ್ಪಷ್ಟವಾಗಿ ಇದೆ ನೋಡಿ. ‘ಸಂವಹನ ಕೌಶಲ ಕಡಿಮೆ’ ಅಂದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಇನ್ನೊಂದು ವಿಷಯ, ಈ ದೋಷ ಇದ್ದೂ ಲೆಕ್ಕದ ಕೆಲಸ ಮಾಡಬಹುದು. ಲೆಕ್ಕದ ಕೆಲಸಕ್ಕೆ ಬಂದು ‘ಕೂಡಿಸುವಾಗ ತಪ್ಪಾಗ್ತದೆ’ ಅಂದರೆ, ಅದು ಎಷ್ಟೇ ಪ್ರಾಮಾಣಿಕವಾದರೂ ನಾವು ತೆಗೆದುಕೊಳ್ಳುವುದು ಕಷ್ಟ.

ಅವಳು ಆಮೇಲೆ ಏನು ಮಾಡಿದಳು ಅನ್ನುವುದು ಮುಖ್ಯ. ಸೆಪ್ಟೆಂಬರಿನಿಂದ ಒಂದು ನೋಟ್‌ಬುಕ್ ಇಟ್ಟಳು. ಸಂಶಯದ ಬಿಲ್ಲಿಗೆ ಒಂದು ಸಾಲು: ಬಂದ ದಿನ, ಏನು ಸಂಶಯ, ಯಾರಿಗೆ ಕೇಳಿದೆ, ಯಾವಾಗ ಸರಿಯಾಯಿತು. ಸಂಜೆ ಶಟರ್ ಎಳೆಯುವ ಮೊದಲು ಅವತ್ತಿನ ಸಾಲುಗಳನ್ನು ಕೇಳಿ ಮುಗಿಸಬೇಕು ಅಂತ ನಿಯಮ. ಸೆಪ್ಟೆಂಬರಿನಲ್ಲಿ 9 ಸಾಲು, ಮುಂದಿನ ತಿಂಗಳ 10ಕ್ಕೆ ನೋಡಿದರೆ ಬಾಕಿ 4. ಅಕ್ಟೋಬರಿನಲ್ಲಿ 8, ಬಾಕಿ 2. ನವೆಂಬರಿನಲ್ಲಿ 9, ಬಾಕಿ ಇಲ್ಲ. ಡಿಸೆಂಬರಿನಲ್ಲಿ 8, ಬಾಕಿ 1.

ಇಲ್ಲಿ ಒಂದು ಕ್ಷಣ ನಿಲ್ಲಿ. ಸಂಶಯಗಳು ಕಡಿಮೆಯಾಗಲಿಲ್ಲ, ಬಾಕಿ ಕಡಿಮೆಯಾಯಿತು. ಅವಳು ಮೊದಲು ‘ಈಗ ನಂಗೆ ಸಂಶಯವೇ ಬರುವುದಿಲ್ಲ’ ಅಂತ ಹೇಳಲು ಹೊರಟಿದ್ದಳು, ನಾನು ಬೇಡ ಅಂದೆ. ಸಂಶಯ ಬರುವುದು ಒಳ್ಳೆಯ ಲೆಕ್ಕಿಗರ ಲಕ್ಷಣ, ಸರಿಪಡಿಸಬೇಕಾದದ್ದು ಕೇಳದೆ ಇಡುವ ಅಭ್ಯಾಸ. ನಿಮ್ಮ ಪ್ರಗತಿ ತೋರಿಸುವಾಗ ಎಣಿಸಬೇಕಾದದ್ದನ್ನೇ ಎಣಿಸಿದ್ದೀರಾ ಅಂತ ನೋಡಿಕೊಳ್ಳಿ. ಡಿಸೆಂಬರಿನ ಆ ಒಂದನ್ನೂ ಬಿಡಬೇಡ ಅಂದೆ. ಧಣಿಗಳು ಊರಲ್ಲಿ ಇಲ್ಲದಾಗ ಉಳಿದದ್ದು ಅದು.

ಮೊದಲ ಸಲ ನನ್ನ ಮುಂದೆ ಹೇಳುವಾಗ ಅವಳಿಗೆ ಮೂರು ನಿಮಿಷ ಬೇಕಾಯಿತು, ಅದರಲ್ಲಿ ಎರಡು ನಿಮಿಷ ಜಿಎಸ್‌ಟಿಯ ವಿವರಣೆ. ಜೊತೆಗೆ ‘ನಮ್ಮ ಧಣಿಗಳಿಗೆ ಸಿಟ್ಟು ಜಾಸ್ತಿ, ಅದಕ್ಕೆ ಕೇಳಲು ಹೆದರಿಕೆ’ ಅಂತ ಸೇರಿಸಿದ್ದಳು. ಅದು ನಿಜ ಇರಬಹುದು, ಆದರೆ ಆ ಒಂದು ವಾಕ್ಯ ಬಂದ ಕೂಡಲೇ ದೋಷ ಧಣಿಗಳದ್ದಾಗಿ ಬಿಡುತ್ತದೆ, ಕೇಳುವವರು ನಾಳೆ ನಮ್ಮ ಬಗ್ಗೆಯೂ ಹೀಗೇ ಹೇಳ್ತಾಳೆ ಅಂತ ಯೋಚಿಸುತ್ತಾರೆ. ತೆಗೆದೆವು. ಕೊನೆಗೆ ಉಳಿದದ್ದು ಸುಮಾರು ಒಂದು ನಿಮಿಷದ ಮಾತು:

‘ಸಂಶಯ ಬಂದರೆ ಕೂಡಲೇ ಕೇಳದೆ ಮುಂದೆ ಹಾಕುವುದು ನನ್ನ ದೋಷ. ಕಳೆದ ಜುಲೈಯಲ್ಲಿ ಹಾಗೆ ಆರು ಬಿಲ್ಲು ತೆಗೆದಿಟ್ಟೆ. ರಿಟರ್ನ್ ಕೊಡಲು ಎರಡು ದಿನ ಇರುವಾಗ ಗೊತ್ತಾಯಿತು. ಒಂದು ಬಿಲ್ಲಿನ 4,320 ರೂಪಾಯಿ ಕ್ರೆಡಿಟ್ ಆ ತಿಂಗಳು ಸಿಗಲಿಲ್ಲ. ಅಂದಿನಿಂದ ಸಂಶಯಗಳನ್ನು ಪುಸ್ತಕದಲ್ಲಿ ಬರೆದು ಅದೇ ದಿನ ಕೇಳುತ್ತೇನೆ. ಸೆಪ್ಟೆಂಬರಿನಲ್ಲಿ ಒಂಬತ್ತರಲ್ಲಿ ನಾಲ್ಕು ಬಾಕಿ ಇತ್ತು, ಡಿಸೆಂಬರಿನಲ್ಲಿ ಎಂಟರಲ್ಲಿ ಒಂದು. ಅದು ಧಣಿಗಳು ಊರಲ್ಲಿ ಇಲ್ಲದಾಗ ಉಳಿದದ್ದು, ಹಾಗಾಗಿ ಈಗ ಮೆಸೇಜ್ ಹಾಕಿ ಕೇಳುತ್ತೇನೆ. ದೊಡ್ಡವರಿಗೆ ಫೋನು ಮಾಡಲು ಇನ್ನೂ ಸ್ವಲ್ಪ ಹಿಂಜರಿಕೆ ಇದೆ, ಕೇಳಬೇಕಾದದ್ದನ್ನು ಮೊದಲು ಬರೆದಿಟ್ಟು ಮಾಡುತ್ತೇನೆ.’

ಇದರ ಮೇಲೆ ಅವರು ಏನು ಕೇಳಿದರೂ ಅವಳ ಹತ್ತಿರ ಉತ್ತರ ಇದೆ, ಯಾಕೆಂದರೆ ನಡೆದದ್ದು. ಪುಸ್ತಕ ತೋರಿಸಲು ಕೊಂಡುಹೋಗ್ಲಾ ಅಂತ ಕೇಳಿದಳು. ಬೇಡ. ಅದರಲ್ಲಿ ಅಂಗಡಿಯ ವ್ಯವಹಾರ ಇದೆ, ಒಬ್ಬರ ಲೆಕ್ಕ ಇನ್ನೊಬ್ಬರ ಮೇಜಿಗೆ ಹೋಗಬಾರದು. ತಿಂಗಳ ಸಂಖ್ಯೆಗಳು ನೆನಪಿದ್ದರೆ ಸಾಕು.

ಕೆಲಸಕ್ಕೇ ಹೋಗದ ನಿಮಗೆ ಉದಾಹರಣೆ ಎಲ್ಲಿಂದ? ಪ್ರಾಜೆಕ್ಟ್ ತಡವಾಗಿ ಕೊಟ್ಟದ್ದಿರಬಹುದು, ಮನೆಯ ಅಡಿಕೆ ಮಾರಿದ ಲೆಕ್ಕ ಬರೆಯಲು ಮರೆತದ್ದಿರಬಹುದು. ಆದರೆ ಸುಧಾರಣೆಯನ್ನು ಕಲ್ಪಿಸಿ ಹೇಳಬೇಡಿ. ಇನ್ನೂ ಶುರು ಮಾಡಿಲ್ಲವಾದರೆ ಇವತ್ತೇ ಮಾಡಿ. ಸಂದರ್ಶನ ಐದು ವಾರ ಬಿಟ್ಟು ಬಂದರೆ ‘ಐದು ವಾರದಿಂದ ಮಾಡುತ್ತಿದ್ದೇನೆ, ಇಷ್ಟಾಗಿದೆ’ ಅಂತ ಹೇಳಿ. ಸಣ್ಣದಾದರೂ ಅಷ್ಟೇ ಹೇಳಿ.

ಈಗ ಎಲ್ಲರೂ ಒಂದು ಹಾಳೆ ತೆಗೆದುಕೊಳ್ಳಿ. ದೋಷದ ಹೆಸರು ಬರೆಯಬೇಡಿ, ಯಾರೋ ನಿಮಗೆ ಬೈದ ಒಂದು ದಿನದ ತಾರೀಕು ಬರೆಯಿರಿ. ಹತ್ತು ನಿಮಿಷ ಬಿಟ್ಟು ಮುಂದಿನ ಸಾಲಿನಿಂದ ಶುರು ಮಾಡುವ.